ಹಾಟ್‌ಪ್ಲೇಟ್ ಮೇಲಿಟ್ಟ ಕಾಫಿ ಹನ್ನೊಂದಕ್ಕೇ ಕೆಡುತ್ತಿದೆ. ಫ್ಲಾಸ್ಕ್‌ಗೆ ಹಾಕಿದರೆ ಎಷ್ಟು ಹೊತ್ತು ಕುಡಿಯಬಹುದು?

ಗಾಂಧಿಬಜಾರ್ ಲೆಕ್ಕಿಗ

ಎಲ್ಲರಿಗೂ ನಮಸ್ಕಾರ. ಗಾಂಧಿಬಜಾರ್ ಹತ್ತಿರ ನಮ್ಮದೊಂದು ಸಣ್ಣ ಆಡಿಟ್ ಆಫೀಸು. ಒಂಬತ್ತು ಜನ ಇದ್ದೇವೆ. ಕಾಫಿಗೆ ಡ್ರಿಪ್ ಮೆಷಿನ್ ಇಟ್ಟಿದ್ದೇವೆ. ಪೇಪರ್ ಫಿಲ್ಟರ್‌ನಲ್ಲಿ ಪುಡಿ ಹಾಕಿದರೆ ಮೇಲಿಂದ ಬಿಸಿನೀರು ಬಿದ್ದು, ಕಾಫಿ ಗಾಜಿನ ಜಗ್‌ಗೆ ಇಳಿಯುತ್ತದೆ. ಜಗ್ ಕೆಳಗೆ ಹಾಟ್‌ಪ್ಲೇಟ್. ಪುಡಿ ಚಿಕ್ಕಮಗಳೂರಿನ ಅರೇಬಿಕಾ, ಚಿಕೋರಿ ಇಲ್ಲ. ಬ್ಲ್ಯಾಕ್ ಕುಡಿಯುವವರು ಹಾಗೇ ಕುಡಿಯುತ್ತಾರೆ. ಉಳಿದವರು ಬಿಸಿ ಹಾಲು ಬೇರೆ ಸೇರಿಸಿಕೊಳ್ಳುತ್ತಾರೆ.

ಬೆಳಿಗ್ಗೆ ಒಂಬತ್ತೂವರೆಗೆ 1.2 ಲೀಟರ್ ಮಾಡುತ್ತೇವೆ. ಆಗ ಕುಡಿದರೆ ಚೆನ್ನಾಗಿರುತ್ತದೆ. ಬ್ಯಾಂಕ್ ಕೆಲಸ ಮುಗಿಸಿ ಹನ್ನೊಂದಕ್ಕೆ ಬರುವವರಿಗೆ ಅದೇ ಜಗ್‌ನ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಕಹಿ, ಜೊತೆಗೆ ನಾಲಿಗೆ ಹಿಂಭಾಗದಲ್ಲಿ ಒಂಥರಾ ಹುಳಿ. ಬಿಸಿ ಮಾತ್ರ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ದಿನಾ ಕಾಲು ಜಗ್ ಸಿಂಕ್‌ಗೆ ಹೋಗುತ್ತಿದೆ. ಬೆಳೆಗಾರರು ಅಷ್ಟು ಕಷ್ಟಪಟ್ಟು ಬೆಳೆದ ಕಾಫಿ ಹೀಗೆ ಚೆಲ್ಲೋಕೆ ನನಗೆ ಮನಸ್ಸು ಬರುವುದಿಲ್ಲ.

ಕಾಫಿ ಇಳಿದ ತಕ್ಷಣ ಸ್ಟೀಲ್ ಫ್ಲಾಸ್ಕ್‌ಗೆ ಹಾಕಿಟ್ಟರೆ ನಿಜವಾಗಿ ಏನಾದರೂ ವ್ಯತ್ಯಾಸ ಆಗುತ್ತದಾ? ಆದರೆ ಎಷ್ಟು ಹೊತ್ತಿನವರೆಗೆ? ಫ್ಲಾಸ್ಕ್ ಡಬ್ಬದ ಮೇಲೆ "24 ಗಂಟೆ ಬಿಸಿ" ಅಂತ ಇರುತ್ತದಲ್ಲ, ಅದನ್ನು ಎಷ್ಟು ನಂಬಬೇಕು?

ಜಯನಗರ ಬೈ-ಟು

ಸಾರ್, ಇದಕ್ಕೆ ಫ್ಲಾಸ್ಕ್ ಯಾಕೆ? ಹಾಟ್‌ಪ್ಲೇಟ್ ಮೇಲೆ ನೀರು ಆವಿಯಾಗಿ ಹೋಗುತ್ತದೆ, ಉಳಿದ ಕಾಫಿ ಗಟ್ಟಿಯಾಗುತ್ತದೆ, ಅದಕ್ಕೇ ಕಹಿ. ಹೋದಷ್ಟು ಬಿಸಿನೀರು ಸೇರಿಸಿ, ಒಮ್ಮೆ ತಿರುಗಿಸಿ ಬಿಡಿ. ನಾವು ಆಫೀಸಿನಲ್ಲಿ ಹಾಗೇ ಮಾಡುತ್ತೇವೆ. ದರ್ಶಿನಿಗಳಲ್ಲಿ ನೋಡಿ, ಡಿಕಾಕ್ಷನ್ ಪಾತ್ರೆಯನ್ನು ಬಿಸಿನೀರಿನಲ್ಲೇ ಕೂರಿಸಿರುತ್ತಾರೆ. ಬೆಳಿಗ್ಗೆಯಿಂದ ಬಿಸಿಯಲ್ಲೇ ಇರುತ್ತದೆ. ಆ ಕಾಫಿಗೆ ಏನಾಗಿದೆ ಹೇಳಿ? ಎಲ್ಲರೂ ಸಾಲಲ್ಲಿ ನಿಂತು ಕುಡಿಯುತ್ತಾರೆ.

ಮಲ್ಲೇಶ್ವರದ ಮಗಳು

ಒಳ್ಳೆ ಸಮಯಕ್ಕೆ ಈ ಪ್ರಶ್ನೆ ಬಂತು. ನಮ್ಮ ತಂದೆ ಆಸ್ಪತ್ರೆಯಲ್ಲಿದ್ದಾರೆ. ಅಲ್ಲಿನ ಕಾಫಿ ಅವರಿಗೆ ಸೇರುವುದಿಲ್ಲ. ಬೆಳಿಗ್ಗೆ ಆರಕ್ಕೆ ಮನೆಯಲ್ಲಿ ಕಾಫಿ ಬೆರೆಸಿ, ಸಕ್ಕರೆ ಹಾಕಿ, ಅರ್ಧ ಲೀಟರ್ ಫ್ಲಾಸ್ಕ್‌ನಲ್ಲಿ ತೆಗೆದುಕೊಂಡು ಹೋಗುತ್ತೇನೆ. ಎಂಟು ಗಂಟೆಗೆ ಕೊಟ್ಟಾಗ "ಪರವಾಗಿಲ್ಲ" ಅನ್ನುತ್ತಾರೆ. ಹತ್ತೂವರೆಗೆ ಉಳಿದದ್ದನ್ನು ಕೊಟ್ಟರೆ ಮುಖ ಕಿವಿಚುತ್ತಾರೆ. ಹಾಲು ಕಾಸಿ ಕಾಸಿ ಇಟ್ಟ ವಾಸನೆ, ಮೇಲೆ ತೆಳ್ಳಗೆ ಕೆನೆ. ಒಂದು ದಿನ ತಳದಲ್ಲಿ ಸಣ್ಣ ಸಣ್ಣ ಹರಳು ಥರ ಕಂಡಿತು. ನನ್ನದು ಸ್ಟೀಲ್ ಫ್ಲಾಸ್ಕ್. ಗಾಜಿನದು ತಂದರೆ ಸರಿಹೋಗುತ್ತದಾ?

ಹಳೇ ಮೆಷಿನ್ ರಿಪೇರಿ

ಲೆಕ್ಕಿಗರೇ, ನಾನು ಹೋಟೆಲು ಆಫೀಸುಗಳಿಗೆ ಕಾಫಿ ಮೆಷಿನ್ ರಿಪೇರಿ ಮಾಡಿಕೊಡುತ್ತೇನೆ. ನಿಮ್ಮ ಥರದ ಮೆಷಿನ್ನು ಬಹಳ ಬಿಚ್ಚಿದ್ದೇನೆ. ಮೊದಲು ಅದರ ಹೊಟ್ಟೆಯಲ್ಲಿ ಏನಿದೆ ಅಂತ ಹೇಳುತ್ತೇನೆ. ಅಲ್ಲಿಂದ ಅರ್ಧ ಉತ್ತರ ಸಿಗುತ್ತದೆ.

ಮಾಮೂಲಿ ಡ್ರಿಪ್ ಮೆಷಿನ್ ತಲೆಕೆಳಗು ಮಾಡಿ ತಳ ಬಿಚ್ಚಿದರೆ ಕುದುರೆ ಲಾಳದ ಆಕಾರದಲ್ಲಿ ಒಂದು ಅಲ್ಯೂಮಿನಿಯಂ ತುಂಡು ಕಾಣುತ್ತದೆ. ಅದರಲ್ಲಿ ಅಕ್ಕಪಕ್ಕ ಎರಡು ದಾರಿ. ಒಂದರಲ್ಲಿ ಕಾಯಿಲ್, ಇನ್ನೊಂದರಲ್ಲಿ ನೀರು. ಆ ತುಂಡನ್ನು ಹಾಟ್‌ಪ್ಲೇಟ್‌ನ ಅಡಿಗೆ ಒತ್ತಿ ಕೂರಿಸಿರುತ್ತಾರೆ. ಅಂದರೆ ನೀರು ಕಾಯಿಸುವುದೂ ಜಗ್ ಬಿಸಿ ಇಡುವುದೂ ಒಂದೇ ಕಾಯಿಲ್. ನೀರು ಓಡುತ್ತಿರುವಾಗ ಅದರ ಬಿಸಿಯನ್ನು ನೀರೇ ಎಳೆದುಕೊಳ್ಳುತ್ತದೆ. ನೀರು ಮುಗಿದ ಮೇಲೆ ಬಿಸಿಯೆಲ್ಲ ಪ್ಲೇಟ್‌ಗೆ ಹೋಗುತ್ತದೆ. ಜಾಸ್ತಿ ಆದಾಗ ಥರ್ಮೋಸ್ಟ್ಯಾಟ್ ಕರೆಂಟ್ ಕಡಿಯುತ್ತದೆ, ಆರಿದಾಗ ಮತ್ತೆ ಕೊಡುತ್ತದೆ. ಮೆಷಿನ್ ಹತ್ತಿರ ಕಿವಿ ಇಟ್ಟರೆ ಆಗಾಗ "ಟಿಕ್" ಅಂತ ಕೇಳಿಸುತ್ತದಲ್ಲ, ಅದೇ. ಇಂಥ ಮೆಷಿನ್‌ನಲ್ಲಿ ಪ್ಲೇಟ್ ಬಿಸಿಯನ್ನು ಮಾತ್ರ ಕಡಿಮೆ ಮಾಡುವ ದಾರಿ ಇಲ್ಲ. ಜಗ್‌ನಲ್ಲಿ ಹತ್ತು ಕಪ್ ಇದ್ದರೂ ಅಷ್ಟೇ, ಒಂದು ಕಪ್ ಉಳಿದರೂ ಅಷ್ಟೇ. ಕಾಫಿ ಕಡಿಮೆಯಾದಷ್ಟೂ ತಳದ ತೆಳು ಪದರ ಸೀಯುತ್ತಾ ಹೋಗುತ್ತದೆ. ಜಗ್ ತೊಳೆಯುವಾಗ ತಳದಲ್ಲಿ ಕಂದು ಉಂಗುರ ಗಟ್ಟಿಯಾಗಿ ಅಂಟಿರುತ್ತದಲ್ವಾ? ಅದು ಸೀದ ಕಾಫಿಯೇ.

ಜಯನಗರದವರು ಹೇಳಿದ ಹಾಗೆ ಆವಿಯಾಗುವುದು ನಿಜ. ಆದರೆ ಅದೊಂದೇ ಅಲ್ಲ. ಕಾಫಿ ಬೀಜ ಹುರಿಯುವಾಗ ಅದರಲ್ಲಿ ಲ್ಯಾಕ್ಟೋನ್ ಅನ್ನುವ ವಸ್ತುಗಳು ಹುಟ್ಟುತ್ತವೆ. ಹೊಸ ಕಾಫಿಯ ಹದವಾದ ಕಹಿ ಬಹಳ ಮಟ್ಟಿಗೆ ಇವುಗಳಿಂದ ಬರುತ್ತದೆ. ಬಿಸಿನೀರಿನಲ್ಲಿ ನಿಂತರೆ ಇವು ಮೆಲ್ಲಗೆ ಒಡೆದು ಕ್ವಿನಿಕ್ ಆಮ್ಲ ಆಗುತ್ತವೆ. ನಾಲಿಗೆ ಹಿಂಭಾಗದಲ್ಲಿ ನಿಮಗೆ ಸಿಗುವ ಒರಟು ಹುಳಿಗೆ ಇದೇ ದೊಡ್ಡ ಕಾರಣ. ನೀರು ಸೇರಿಸಿದರೆ ಕಾಫಿ ತೆಳ್ಳಗಾಗುತ್ತದೆ, ಹುಟ್ಟಿದ ಆಮ್ಲ ವಾಪಸ್ ಹೋಗುವುದಿಲ್ಲ. ಹಾರಿಹೋದ ಘಮವೂ ವಾಪಸ್ ಬರುವುದಿಲ್ಲ.

ಇದೇ ಕಾರಣಕ್ಕೆ ಫ್ಲಾಸ್ಕ್‌ಗೂ ಒಂದು ಮಿತಿ ಇದೆ. ಆ ಒಡೆಯುವ ಕೆಲಸ ಫ್ಲಾಸ್ಕ್ ಒಳಗೂ ನಡೆಯುತ್ತದೆ. ಕಾಫಿ ಬಿಸಿ ಇದೆ ಅಂದ ಮೇಲೆ ಅದನ್ನು ತಡೆಯೋಕೆ ಆಗುವುದಿಲ್ಲ. ಆದರೆ ಅಲ್ಲಿ ಹೊಸದಾಗಿ ಬಿಸಿ ಸೇರುವುದಿಲ್ಲ, ತಳ ಸೀಯುವುದಿಲ್ಲ, ಮುಚ್ಚಳ ಬಿಗಿ ಇರುವುದರಿಂದ ಘಮ ಅಷ್ಟು ಬೇಗ ಹೋಗುವುದಿಲ್ಲ. ಗಂಟೆ ಕಳೆದ ಹಾಗೆ ಬಿಸಿ ತಾನೇ ಇಳಿಯುವುದರಿಂದ ಕೆಡುವ ವೇಗವೂ ಇಳಿಯುತ್ತದೆ. ನನ್ನ ಲೆಕ್ಕದಲ್ಲಿ ಹಾಟ್‌ಪ್ಲೇಟ್‌ಗೆ ಅರ್ಧ ಗಂಟೆ, ಫ್ಲಾಸ್ಕ್‌ಗೆ ಎರಡು ಗಂಟೆ. ಡಬ್ಬದ ಮೇಲಿನ 24 ಗಂಟೆ ನೀರಿನ ಬಿಸಿಯ ಮಾತು. ಅದಕ್ಕೂ ಕಾಫಿ ರುಚಿಗೂ ಸಂಬಂಧ ಇಲ್ಲ.

ಜಯನಗರ ಬೈ-ಟು

ದರ್ಶಿನಿ ಬಗ್ಗೆ ಹೇಳಲೇ ಇಲ್ಲ?

ಬಸವನಗುಡಿ ಕ್ಯಾಷ್ ಕೌಂಟರ್

ಅದಕ್ಕೆ ನಾನು ಹೇಳುತ್ತೇನೆ. ನಮ್ಮ ಚಿಕ್ಕಪ್ಪನ ಹೋಟೆಲಿನಲ್ಲಿ ಕಾಫಿ ಕೌಂಟರ್ ಹಿಂದೆ ನಿಂತವನು ನಾನು. ಡಿಕಾಕ್ಷನ್ ಬಿಸಿನೀರಿನಲ್ಲಿ ಕೂರಿಸುವುದು ಹೌದು. ಆದರೆ ಬೆಳಿಗ್ಗೆ ಜನ ಇರುವಾಗ ಆ ಪಾತ್ರೆ ಅರ್ಧ ಗಂಟೆಗೊಮ್ಮೆ ಖಾಲಿಯಾಗುತ್ತದೆ. ಮುಂದಿನ ಫಿಲ್ಟರ್ ಅಷ್ಟರಲ್ಲಿ ಇಳಿಯುತ್ತಿರುತ್ತದೆ. ಒಂದೇ ಡಿಕಾಕ್ಷನ್ ಬೆಳಿಗ್ಗೆಯಿಂದ ಅಲ್ಲಿ ಕೂತಿರುವುದಿಲ್ಲ. ಮಧ್ಯಾಹ್ನ ಮೂರಕ್ಕೆ, ಜನ ಇಲ್ಲದ ಹೊತ್ತಿನಲ್ಲಿ ಒಂದು ಕಾಫಿ ಕುಡಿದು ನೋಡಿ. ಕೆಲವು ಕಡೆ ಆಗ ಗೊತ್ತಾಗುತ್ತದೆ. ನಮ್ಮ ಚಿಕ್ಕಪ್ಪ ಆ ಹೊತ್ತಿನಲ್ಲಿ ಫಿಲ್ಟರ್‌ಗೆ ಪುಡಿಯನ್ನೇ ಕಡಿಮೆ ಹಾಕಿಸುತ್ತಿದ್ದರು. ಉಳಿದದ್ದನ್ನು ಬಿಸಿನೀರಿನಿಂದ ಎತ್ತಿ ಪಕ್ಕಕ್ಕಿಡಿ, ಆರಲಿ, ಹಾಲಿನ ಬಿಸಿ ಸಾಕು ಅನ್ನುತ್ತಿದ್ದರು.

ಇನ್ನೊಂದು ಮಾತು. ಡಿಕಾಕ್ಷನ್‌ಗೂ ಡ್ರಿಪ್ ಕಾಫಿಗೂ ವ್ಯತ್ಯಾಸ ಇದೆ. ಡಿಕಾಕ್ಷನ್ ಗಟ್ಟಿ. ಲೋಟಕ್ಕೆ ಸ್ವಲ್ಪವೇ ಬೀಳುತ್ತದೆ, ಮೇಲೆ ಹಾಲು, ಸಕ್ಕರೆ. ಸ್ವಲ್ಪ ಕೆಟ್ಟರೂ ಹಾಲು ಮುಚ್ಚಿಹಾಕುತ್ತದೆ. ಬ್ಲ್ಯಾಕ್ ಕಾಫಿಯಲ್ಲಿ ಮುಚ್ಚೋಕೆ ಏನೂ ಇಲ್ಲ.

ಹಳೇ ಮೆಷಿನ್ ರಿಪೇರಿ

ಕ್ಯಾಷ್ ಕೌಂಟರ್ ಹೇಳಿದ್ದೇ ಸರಿ. ಬಿಸಿನೀರಿನಲ್ಲಿ ಕೂರಿಸುವುದಕ್ಕೂ ಹಾಟ್‌ಪ್ಲೇಟ್‌ಗೂ ಇನ್ನೊಂದು ವ್ಯತ್ಯಾಸ ಇದೆ. ಸುತ್ತಲಿನ ನೀರು ಎಷ್ಟು ಬಿಸಿಯೋ ಡಿಕಾಕ್ಷನ್ ಅದಕ್ಕಿಂತ ಬಿಸಿ ಆಗುವುದಿಲ್ಲ. ಬೆಂಗಳೂರು ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕೌಂಟರ್ ನೀರು ಅಷ್ಟೂ ಇರುವುದಿಲ್ಲ. ಹಾಗಾಗಿ ತಳ ಸೀಯುವ ಪ್ರಶ್ನೆಯೇ ಇಲ್ಲ.

ಮಲ್ಲೇಶ್ವರದ ಮೇಡಂ, ನಿಮ್ಮದು ಬೇರೆಯೇ ವಿಷಯ. ಅದಕ್ಕೆ ಆಮೇಲೆ ಬರುತ್ತೇನೆ. ಗಾಜಿನ ಫ್ಲಾಸ್ಕ್ ತರೋಕೆ ಈಗಲೇ ಹೋಗಬೇಡಿ.

ಗಾಂಧಿಬಜಾರ್ ಲೆಕ್ಕಿಗ

ನಮ್ಮ ಆಫೀಸಿನಲ್ಲಿ ಒಬ್ಬರ ಹತ್ತಿರ ಅಡುಗೆಗೆ ಬಳಸುವ ಡಿಜಿಟಲ್ ಥರ್ಮಾಮೀಟರ್ ಇತ್ತು. ತರಿಸಿದೆ. ಶನಿವಾರ ಕೆಲಸ ಕಡಿಮೆ, ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಯೇಬಿಟ್ಟೆವು. ವಿವರವಾಗಿ ಬರೆಯುತ್ತೇನೆ, ತಪ್ಪಿದ್ದರೆ ಹೇಳಿ.

1.2 ಲೀಟರ್ ನೀರಿಗೆ 72 ಗ್ರಾಂ ಪುಡಿ. ಎಲ್ಲ ಇಳಿದಾಗ ಜಗ್‌ನಲ್ಲಿ 82 ಡಿಗ್ರಿ. ಒಂದು ಲೀಟರ್‌ನ ಸ್ಟೀಲ್ ಫ್ಲಾಸ್ಕ್‌ಗೆ ಮೊದಲೇ ಕುದಿಯುವ ನೀರು ತುಂಬಿಸಿ ಐದು ನಿಮಿಷ ಇಟ್ಟಿದ್ದೆ. ಆ ನೀರು ಚೆಲ್ಲಿ, ಅರ್ಧ ಕಾಫಿಯನ್ನು ಅದಕ್ಕೆ ಸುರಿದೆ. ಉಳಿದ ಅರ್ಧ ಜಗ್‌ನಲ್ಲೇ, ಹಾಟ್‌ಪ್ಲೇಟ್ ಮೇಲೆ, ಮುಚ್ಚಳ ಹಾಕಿ. ಜಗ್ ಮೇಲೆ ಕಾಫಿಯ ಮಟ್ಟಕ್ಕೆ ಸರಿಯಾಗಿ ಒಂದು ರಬ್ಬರ್ ಬ್ಯಾಂಡ್ ಹಾಕಿದೆ.

ಸುರಿದ ಮೇಲೆ ಫ್ಲಾಸ್ಕ್‌ನಲ್ಲಿ 79 ಡಿಗ್ರಿ. ಒಂದು ಗಂಟೆಗೆ 75, ಎರಡು ಗಂಟೆಗೆ 72, ಮೂರಕ್ಕೆ 68. ಜಗ್‌ನಲ್ಲಿ ಪೂರ್ತಿ ಹೊತ್ತು 80ರ ಆಸುಪಾಸು. ಎರಡು ಗಂಟೆಯಲ್ಲಿ ಕಾಫಿ ರಬ್ಬರ್ ಬ್ಯಾಂಡ್‌ಗಿಂತ ಕೆಳಗೆ ಇಳಿದಿತ್ತು. ಅಳೆದು ನೀರು ಸುರಿದು ನೋಡಿದರೆ ಸುಮಾರು 60 ಎಂಎಲ್ ಹೋಗಿದೆ.

ರುಚಿ ನೋಡುವಾಗ ಯಾವುದು ಯಾವುದು ಅಂತ ಯಾರಿಗೂ ಹೇಳಲಿಲ್ಲ. ಒಂದೇ ಥರದ ಸ್ಟೀಲ್ ಲೋಟ, ತಳಕ್ಕೆ ಪೆನ್ನಿನ ಗುರುತು. ಎರಡನ್ನೂ 60 ಡಿಗ್ರಿಗೆ ಆರಿಸಿಯೇ ಕೊಟ್ಟೆ. ಇಲ್ಲದಿದ್ದರೆ ಬಿಸಿಯ ಮೇಲೆ ಗುರುತು ಹಿಡಿದುಬಿಡುತ್ತಾರೆ.

ಅರ್ಧ ಗಂಟೆಗೆ ಹೆಚ್ಚಿನವರಿಗೆ ವ್ಯತ್ಯಾಸ ಸಿಗಲಿಲ್ಲ. ಒಂದು ಗಂಟೆಗೆ ಎಲ್ಲರೂ ಜಗ್‌ನ ಕಾಫಿಯನ್ನು ಬೇರೆ ಮಾಡಿದರು. ಎರಡು ಗಂಟೆಗೆ ಜಗ್‌ನದ್ದನ್ನು ಯಾರೂ ಪೂರ್ತಿ ಕುಡಿಯಲಿಲ್ಲ. ಫ್ಲಾಸ್ಕ್‌ನದ್ದು ಕುಡಿದರು, ಆದರೆ ಹೊಸದಾಗಿ ಇಳಿಸಿದ ಕಾಫಿ ಪಕ್ಕದಲ್ಲಿ ಇಟ್ಟಾಗ ಘಮ ಕಡಿಮೆ ಇರುವುದು ಗೊತ್ತಾಯಿತು. ಮೂರು ಗಂಟೆಗೆ ಫ್ಲಾಸ್ಕ್‌ನದ್ದೂ ಸಪ್ಪೆ, ಸ್ವಲ್ಪ ಹುಳಿ. ಹಾಲು ಹಾಕಿಕೊಳ್ಳುವವರು ಮಾತ್ರ "ಇದಕ್ಕೇನಾಗಿದೆ" ಅಂತ ಕುಡಿದರು.

ಜಯನಗರದವರೇ, ನಿಮ್ಮ ಮಾತನ್ನೂ ಬಿಡಲಿಲ್ಲ. ಜಗ್‌ನ ಕಾಫಿಗೆ ಹೋದಷ್ಟೇ ಬಿಸಿನೀರು ಸೇರಿಸಿ ಒಂದು ಲೋಟ ಮಾಡಿದೆ. ಗಟ್ಟಿತನ ಸರಿಹೋಯಿತು. ಒಗರು, ಹುಳಿ ಹಾಗೇ ಇತ್ತು.

ಜಯನಗರ ಬೈ-ಟು

ಒಳ್ಳೆ ಕೆಲಸ ಮಾಡಿದಿರಿ. ಗಟ್ಟಿತನ ಸರಿಹೋಯಿತು ಅಂದರಲ್ಲ, ಅಷ್ಟು ಸಾಕು ನನಗೆ. ನಮ್ಮ ಆಫೀಸಿನ ಪುಡಿಯಲ್ಲಿ ಚಿಕೋರಿ ಇದೆ. ಬಹುಶಃ ಅದಕ್ಕೇ ನಮಗೆ ಆ ಹುಳಿ ಅಷ್ಟು ಗೊತ್ತಾಗುತ್ತಿಲ್ಲ.

ಒಂದು ಸಂದೇಹ. ಫ್ಲಾಸ್ಕ್‌ಗೆ ಕುದಿನೀರು ಹಾಕಿ ಬಿಸಿ ಮಾಡದೆ ಇದ್ದರೆ ಕಾಫಿ ಆಗಲೇ ತಣ್ಣಗಾಗುತ್ತಿತ್ತು ಅಲ್ವಾ? ಎಲ್ಲರೂ ಅದೇ ಮುಖ್ಯ ಅನ್ನುತ್ತಾರೆ.

ಹಳೇ ಮೆಷಿನ್ ರಿಪೇರಿ

ಅಷ್ಟೇನೂ ಇಲ್ಲ. ಫ್ಲಾಸ್ಕ್‌ನಲ್ಲಿ ಎರಡು ಗೋಡೆ, ನಡುವೆ ಗಾಳಿ ತೆಗೆದಿರುತ್ತಾರೆ. ಕಾಫಿ ಮುಟ್ಟುವುದು ಒಳಗಿನ ತೆಳು ಗೋಡೆಯನ್ನು ಮಾತ್ರ. ಆ ತಗಡು ಕುಡಿಯುವ ಬಿಸಿ ತೀರಾ ಕಡಿಮೆ. ಒಂದು ಲೀಟರ್ ಫ್ಲಾಸ್ಕ್‌ಗೆ ಒಂದು ಲೀಟರ್ ಕಾಫಿ ತುಂಬಿದರೆ, ಫ್ಲಾಸ್ಕ್ ತಣ್ಣಗಿದ್ದರೂ ಒಂದೆರಡು ಡಿಗ್ರಿ ಇಳಿಯಬಹುದು. ಅದೇ ಫ್ಲಾಸ್ಕ್‌ಗೆ ಒಂದು ದೊಡ್ಡ ಲೋಟದಷ್ಟು, ಕಾಲು ಲೀಟರ್ ಹಾಕಿ. ಆಗ ಐದಾರು ಡಿಗ್ರಿ ಹೋಗುತ್ತದೆ. ತಗಡು ಅಷ್ಟೇ, ಕಾಫಿ ಕಡಿಮೆ. ಹಾಗಾಗಿ ಸ್ವಲ್ಪವೇ ಹಾಕುವಾಗ ಬಿಸಿ ಮಾಡಿಕೊಳ್ಳಿ. ಪೂರ್ತಿ ತುಂಬಿಸುವಾಗ ಮಾಡದಿದ್ದರೂ ನಷ್ಟ ಇಲ್ಲ.

ಬಿಸಿ ಜಾಸ್ತಿ ಹೋಗುವುದು ಬಾಯಿಯ ಕಡೆಯಿಂದ. ಎರಡು ಗೋಡೆ ಸೇರುವುದು ಅಲ್ಲೇ, ಮುಚ್ಚಳ ಇರುವುದೂ ಅಲ್ಲೇ. ಒಳಗೆ ಎಷ್ಟೇ ಕಾಫಿ ಇರಲಿ, ಅಲ್ಲಿಂದ ಹೋಗುವ ಬಿಸಿ ಹೆಚ್ಚುಕಡಿಮೆ ಅಷ್ಟೇ. ಅರ್ಧ ಫ್ಲಾಸ್ಕ್ ಬೇಗ ಆರುವುದು ಅದಕ್ಕೇ. ಲೆಕ್ಕಿಗರ ಫ್ಲಾಸ್ಕ್‌ನಲ್ಲಿ ಇದ್ದದ್ದು 600 ಎಂಎಲ್‌ಗೂ ಕಡಿಮೆ, ಪುಡಿಯೂ ಸ್ವಲ್ಪ ನೀರು ಹಿಡಿದುಕೊಳ್ಳುತ್ತದಲ್ಲ. ಅವರು 750ರ ಫ್ಲಾಸ್ಕ್ ತಂದರೆ ಇನ್ನೂ ಚೆನ್ನಾಗಿ ನಿಲ್ಲುತ್ತದೆ.

ಸಂಪಿಗೆ ರಸ್ತೆ ಓದುಗ

ನಮ್ಮ ಅಕ್ಕ ಜರ್ಮನಿಯಲ್ಲಿದ್ದಾಳೆ. ಅವಳ ಮನೆಯ ಮೆಷಿನ್‌ನಲ್ಲಿ ಹಾಟ್‌ಪ್ಲೇಟ್ 40 ನಿಮಿಷಕ್ಕೆ ತಾನೇ ಆಫ್ ಆಗುತ್ತದೆ. ಕೆಟ್ಟಿದೆ ಅಂತ ಅಂದುಕೊಂಡಿದ್ದಳಂತೆ. ಆಮೇಲೆ ನೋಡಿದರೆ 2015ರಿಂದ ಯುರೋಪಿಯನ್ ಯೂನಿಯನ್‌ನಲ್ಲಿ ಮನೆ ಬಳಕೆಯ ಮೆಷಿನ್‌ಗಳಿಗೆ ಅದೇ ನಿಯಮ. ಸಾದಾ ಜಗ್ ಆದರೆ 40 ನಿಮಿಷದೊಳಗೆ, ಫ್ಲಾಸ್ಕ್ ಥರದ ಜಗ್ ಆದರೆ ಐದೇ ನಿಮಿಷದೊಳಗೆ ಆಫ್ ಆಗಬೇಕು. ಕರೆಂಟ್ ಉಳಿಸೋಕೆ ಮಾಡಿದ ನಿಯಮ ಅದು. ಆದರೂ ನಿಮ್ಮ ಶನಿವಾರದ ಫಲಿತಾಂಶ ನೋಡಿದರೆ ರುಚಿಗೂ ಅದೇ ಹೊತ್ತು ಸರಿಹೊಂದುತ್ತದೆ.

ಫ್ಲಾಸ್ಕ್ ಥರದ ಜಗ್ ಇರುವ ಮೆಷಿನ್‌ನನ್ನೇ ತಗೊಳ್ಳಬಾರದಾ ಲೆಕ್ಕಿಗರೇ?

ಹಳೇ ಮೆಷಿನ್ ರಿಪೇರಿ

ತಗೊಳ್ಳಬಹುದು. ಆದರೆ ಈಗಿರುವ ಮೆಷಿನ್ ಚೆನ್ನಾಗಿದ್ದರೆ ಅದನ್ನು ಎಸೆಯೋದು ಬೇಡ. ಬೇರೆ ಫ್ಲಾಸ್ಕ್ ಸಾಕು. ಕಾಫಿ ಇಳಿದು ಮುಗಿದ ತಕ್ಷಣ ಸುರಿಯಬೇಕು, ಮೆಷಿನ್ ಸ್ವಿಚ್ ಆಫ್ ಮಾಡಬೇಕು. ಅಷ್ಟೇ ಶಿಸ್ತು.

ಫ್ಲಾಸ್ಕ್ ಥರದ ಜಗ್ ಇರುವ ಮೆಷಿನ್ ತಂದವರು ಒಂದನ್ನು ಗಮನಿಸಿ. ಕಾಫಿ ಇಳಿಯುವಾಗ ಮೊದಲು ಬರುವುದು ಗಟ್ಟಿ, ಕೊನೆಗೆ ಬರುವುದು ತೆಳು. ಎತ್ತರದ, ಕಿರಿದಾದ ಜಗ್‌ನಲ್ಲಿ ಇವು ಚೆನ್ನಾಗಿ ಬೆರೆಯುವುದಿಲ್ಲ. ಒಳ್ಳೆ ಜಗ್‌ಗಳಲ್ಲಿ ಮುಚ್ಚಳದಿಂದ ತಳದವರೆಗೆ ಒಂದು ಕೊಳವೆ ಇರುತ್ತದೆ. ಕಾಫಿ ತಳದಲ್ಲಿ ಬಿದ್ದು ಬೆರೆಯಲಿ ಅಂತ. ಅದಿಲ್ಲದಿದ್ದರೆ ಸುರಿಯುವ ಮೊದಲು ಜಗ್ ಒಮ್ಮೆ ತಿರುಗಿಸಿ. "ಫ್ಲಾಸ್ಕ್ ಕಾಫಿ ಒಂದು ಲೋಟ ಗಟ್ಟಿ, ಇನ್ನೊಂದು ಲೋಟ ನೀರು" ಅಂತ ನನ್ನನ್ನು ರಿಪೇರಿಗೆ ಕರೆದವರಿದ್ದಾರೆ. ಮೆಷಿನ್‌ನಲ್ಲಿ ಏನೂ ಕೆಟ್ಟಿರಲಿಲ್ಲ.

ಮಲ್ಲೇಶ್ವರದ ಮಗಳು

ನನ್ನ ಪ್ರಶ್ನೆ ಮರೆತಿಲ್ಲ ತಾನೇ? ನಾಳೆ ಬೆಳಿಗ್ಗೆ ಮತ್ತೆ ಹೋಗಬೇಕು.

ಹಳೇ ಮೆಷಿನ್ ರಿಪೇರಿ

ಮರೆತಿಲ್ಲ ಮೇಡಂ. ಇಲ್ಲಿಯವರೆಗೆ ಮಾತಾಡಿದ್ದು ಬ್ಲ್ಯಾಕ್ ಕಾಫಿ. ಅದು ಕೆಟ್ಟರೆ ರುಚಿ ಕೆಡುತ್ತದೆ, ಅಷ್ಟೇ. ಹಾಲು ಬೆರೆತ ಮೇಲೆ ಅದು ರುಚಿಯ ಮಾತು ಮಾತ್ರ ಅಲ್ಲ. ಹಾಲು ಕುದಿಸಿದರೂ ಸಾಯದ ಕೆಲವು ಬ್ಯಾಕ್ಟೀರಿಯಾ ಬೀಜಕಗಳು ಉಳಿದಿರುತ್ತವೆ. 60 ಡಿಗ್ರಿ ಮೇಲೆ ಅವು ಬೆಳೆಯುವುದಿಲ್ಲ. ಕೆಳಗಿಳಿದು ಬೆಚ್ಚಗೆ ಗಂಟೆಗಟ್ಟಲೆ ಇದ್ದರೆ ಬೆಳೆಯೋಕೆ ಜಾಗ ಸಿಗುತ್ತದೆ. ಆಸ್ಪತ್ರೆಯಲ್ಲಿ ಇರುವವರಿಗೆ ಕೊಡುವಾಗ ಇದನ್ನು ಹಗುರವಾಗಿ ತಗೊಳ್ಳಬಾರದು.

ನಿಮ್ಮ ಫ್ಲಾಸ್ಕ್ ಲೆಕ್ಕ ಹಾಕೋಣ. 300 ಎಂಎಲ್ ಕುದಿದ ಹಾಲು, 100 ಎಂಎಲ್ ಆರಿದ ಡಿಕಾಕ್ಷನ್ ಅಂತ ಇಟ್ಟುಕೊಳ್ಳಿ. ಬೆರೆಸಿದಾಗಲೇ 77-78 ಡಿಗ್ರಿ. ಎತ್ತಿ ಸುರಿದು ಫ್ಲಾಸ್ಕ್ ಸೇರುವಾಗ 75ಕ್ಕಿಂತ ಕೆಳಗೆ. ಎಂಟು ಗಂಟೆಗೆ ಸುಮಾರು 65. ಆಗ ಒಂದು ಲೋಟ ಸುರಿದಿರಿ, ಫ್ಲಾಸ್ಕ್ ಅರ್ಧ ಆಯಿತು. ಅಲ್ಲಿಂದ ಮುಂದೆ ಬೇಗ ಬೇಗ ಆರುತ್ತದೆ. ಹತ್ತೂವರೆಗೆ ಅದು 60ಕ್ಕಿಂತ ಚೆನ್ನಾಗಿ ಕೆಳಗೇ ಇರುತ್ತದೆ. ತಳದಲ್ಲಿ ಕಂಡ ಹರಳು ಹಾಲು ಒಡೆಯೋಕೆ ಶುರುವಾದ ಗುರುತು. ಕಾಫಿಯ ಹುಳಿ ಹೊತ್ತು ಹೋದಂತೆ ಏರುತ್ತದೆ, ಹಾಲು ಬಿಸಿಯಲ್ಲೇ ಇರುತ್ತದೆ, ಎರಡೂ ಸೇರಿ ಒಡೆಯುತ್ತದೆ. ಹಾಗೆ ಕಂಡರೆ ಕೊಡಬೇಡಿ.

ಹೀಗೆ ಮಾಡಿ. ಫ್ಲಾಸ್ಕ್‌ನಲ್ಲಿ ಹಾಲು ಮಾತ್ರ ತಗೊಂಡು ಹೋಗಿ. ಮೊದಲು ಫ್ಲಾಸ್ಕ್‌ಗೆ ಕುದಿನೀರು ಹಾಕಿ ಚೆಲ್ಲಿ, ಆಮೇಲೆ ಉಕ್ಕಿದ ಹಾಲನ್ನು ತಕ್ಷಣ ಸುರಿಯಿರಿ. ಆಗ ಹಾಲು 90ರ ಆಸುಪಾಸಿನಲ್ಲಿ ಶುರುವಾಗುತ್ತದೆ. ಡಿಕಾಕ್ಷನ್ ಬಿಸಿ ಬೇಕಿಲ್ಲ. ಚೆನ್ನಾಗಿ ತೊಳೆದ ಸಣ್ಣ ಸ್ಟೀಲ್ ಅಥವಾ ಗಾಜಿನ ಬಾಟಲಿಯಲ್ಲಿ ಹಾಕಿ, ಮುಚ್ಚಳ ಬಿಗಿ ಮಾಡಿ. ಸಕ್ಕರೆ ಅಲ್ಲೇ ಹಾಕಿ. ಎಂಟು ಗಂಟೆಗೆ ಹಾಲು 78 ಇದೆ ಅಂದುಕೊಳ್ಳಿ. ಮೂರು ಪಾಲು ಹಾಲಿಗೆ ಒಂದು ಪಾಲು ಆರಿದ ಡಿಕಾಕ್ಷನ್ ಬೆರೆಸಿದರೆ 65 ಆಗುತ್ತದೆ. ಅಂದರೆ ಆ ಲೋಟದ ಬಿಸಿ ಈಗ ನೀವು ಕೊಡುವ ಕಾಫಿಯಷ್ಟೇ. ಆದರೆ ಕಾಫಿ ಆಗಷ್ಟೇ ಬೆರೆಸಿದ್ದು. ಉಳಿದ ಹಾಲು ಇನ್ನೂ 60ಕ್ಕಿಂತ ಬಹಳ ಮೇಲೆ ಇರುತ್ತದೆ. ಹತ್ತೂವರೆಯ ಲೋಟ ಸ್ವಲ್ಪ ಬೆಚ್ಚಗಷ್ಟೇ ಇರಬಹುದು. ಅದು ಬೆರೆಸಿದ ಕೂಡಲೇ ಕುಡಿದುಬಿಡುವ ಕಾಫಿ, ಅದಕ್ಕೆ ತೊಂದರೆ ಇಲ್ಲ. ಅಷ್ಟು ಹೊತ್ತಿಗೆ ಫ್ಲಾಸ್ಕ್‌ನ ಹಾಲು 60ರ ಮೇಲೆ ಇದೆಯಾ ಅಂತ ಮಾತ್ರ ಮನೆಯಲ್ಲಿ ಒಂದು ದಿನ ನೀರು ಹಾಕಿ ಅಳೆದು ನೋಡಿಕೊಳ್ಳಿ.

ಗಾಜಿನ ಫ್ಲಾಸ್ಕ್ ಬಿಸಿ ಚೆನ್ನಾಗಿ ಹಿಡಿಯುತ್ತದೆ, ವಾಸನೆಯೂ ಕಡಿಮೆ. ಆದರೆ ಆಟೋ, ಲಿಫ್ಟು, ಆಸ್ಪತ್ರೆ ಮಂಚದ ಪಕ್ಕದ ಟೇಬಲ್ಲು. ಬಿದ್ದರೆ ಒಳಗಿನ ಗಾಜು ಪುಡಿಪುಡಿ. ನಿಮಗೆ ಸ್ಟೀಲ್ ಇರಲಿ.

ಮಲ್ಲೇಶ್ವರದ ಮಗಳು

ಬಹಳ ಉಪಕಾರ ಆಯಿತು ಸರ್. ಡಿಕಾಕ್ಷನ್ ಬಿಸಿ ಇಲ್ಲದಿದ್ದರೆ ಕಾಫಿ ತಣ್ಣಗಾಗುತ್ತದೆ ಅಂತಲೇ ನಾನು ಎಲ್ಲ ಒಟ್ಟಿಗೆ ಬೆರೆಸುತ್ತಿದ್ದದ್ದು. ಫ್ಲಾಸ್ಕ್‌ನಲ್ಲಿ ಈಗಾಗಲೇ ಹಳೇ ಹಾಲಿನ ವಾಸನೆ ಹಿಡಿದಿದೆ. ಸೋಪು ಹಾಕಿ ತೊಳೆದರೂ ಹೋಗುತ್ತಿಲ್ಲ.

ಬಸವನಗುಡಿ ಕ್ಯಾಷ್ ಕೌಂಟರ್

ವಾಸನೆ ಒಳಗಿನ ಸ್ಟೀಲ್‌ನಲ್ಲಿ ಇರುವುದಿಲ್ಲ ಅಕ್ಕ, ಮುಚ್ಚಳದ ವಾಷರ್‌ನಲ್ಲಿ ಇರುತ್ತದೆ. ಚಮಚದ ಹಿಡಿಯಿಂದ ಮೆಲ್ಲಗೆ ಎಬ್ಬಿಸಿ ತೆಗೆಯಿರಿ. ಅದರ ಕೆಳಗಿನ ಸಂದಿಯಲ್ಲಿ ಹಳದಿ ಜಿಡ್ಡು ಕೂತಿರುತ್ತದೆ. ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಒಳಗಡೆಗೆ ಎರಡು ಚಮಚ ಅಡುಗೆ ಸೋಡಾ ಹಾಕಿ, ಬಿಸಿನೀರು ತುಂಬಿಸಿ ಒಂದು ಗಂಟೆ ಬಿಡಿ. ಆ ಹೊತ್ತಿನಲ್ಲಿ ಮುಚ್ಚಳ ಹಾಕಬೇಡಿ. ವಾಷರ್ ಸಡಿಲ ಆಗಿದ್ದರೆ ಹೊಸದು ಹಾಕಿಸಿ. ರಾತ್ರಿ ಬಾಯಿ ತೆರೆದೇ ಬೋರಲು ಹಾಕಿಡಿ. ಮುಚ್ಚಿಟ್ಟ ಫ್ಲಾಸ್ಕ್‌ಗೆ ವಾಸನೆ ಖಂಡಿತ ಬರುತ್ತದೆ.

ಬೋರ್‌ವೆಲ್ ನೀರಾದರೆ ಒಳಗೆ ಬಿಳಿ ಪದರ ಕೂರುತ್ತದೆ. ಅದು ಸೋಡಾಕ್ಕೆ ಹೋಗುವುದಿಲ್ಲ. ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು ಒಂದು ಚಮಚ, ಬಿಸಿನೀರಿನಲ್ಲಿ. ಸ್ಟೀಲ್ ಸ್ಕ್ರಬ್ಬರ್ ಮಾತ್ರ ಒಳಗೆ ಬಿಡಬೇಡಿ.

ಗಾಂಧಿಬಜಾರ್ ಲೆಕ್ಕಿಗ

ನಾವು ತೀರ್ಮಾನಿಸಿದ್ದು ಹೀಗೆ. 750ರ ಸ್ಟೀಲ್ ಫ್ಲಾಸ್ಕ್ ತಂದಿದ್ದೇವೆ. ಒಂಬತ್ತೂವರೆಗೆ 1.2 ಲೀಟರ್ ಬದಲು 700 ಎಂಎಲ್ ಮಾತ್ರ. ಇಳಿದ ಕೂಡಲೇ ಫ್ಲಾಸ್ಕ್‌ಗೆ, ಮೆಷಿನ್ ಆಫ್. ಹನ್ನೊಂದಕ್ಕೆ ಬರುವವರಿಗೆ ಬೇಕಾದರೆ ಇನ್ನೊಂದು ಸಲ. ಫ್ಲಾಸ್ಕ್ ಮೇಲೆ ಒಂದು ಚೀಟಿ ಅಂಟಿಸಿ ಮಾಡಿದ ಹೊತ್ತು ಬರೆಯುತ್ತಿದ್ದೇವೆ. ಎರಡು ಗಂಟೆ ದಾಟಿದರೆ ಬ್ಲ್ಯಾಕ್ ಕುಡಿಯುವವರಿಗೆ ಕೊಡುವುದಿಲ್ಲ.

ಒಂದು ತೊಂದರೆ ಬಂದಿದೆ. 700 ಮಾಡಿದರೆ ಕಾಫಿ ಮೊದಲಿನಷ್ಟು ಗಟ್ಟಿ ಬರುತ್ತಿಲ್ಲ. ಪುಡಿ ಅದೇ ಅಳತೆ, ಲೀಟರ್‌ಗೆ 60 ಗ್ರಾಂ.

ಹಳೇ ಮೆಷಿನ್ ರಿಪೇರಿ

ಅದು ಸಹಜ. ಪುಡಿಯ ಪದರ ತೆಳ್ಳಗಾದಾಗ ನೀರು ಬೇಗ ಇಳಿದುಹೋಗುತ್ತದೆ, ಸಾರ ಬಿಡೋಕೆ ಸಮಯ ಸಿಗುವುದಿಲ್ಲ. ಮೆಷಿನ್ ಕೂಡ ಪೂರ್ತಿ ಬಿಸಿಯಾಗುವ ಮೊದಲೇ ನೀರು ಮುಗಿಯುತ್ತದೆ. 42 ಗ್ರಾಂ ಹಾಕುವ ಕಡೆ 46-47 ಹಾಕಿ ನೋಡಿ, ಇಲ್ಲವೇ ಪುಡಿ ಅಂಗಡಿಯಲ್ಲಿ ಒಂದು ಹದ ನುಣ್ಣಗೆ ಬೀಸಿಕೊಡಿ ಅನ್ನಿ. ಎರಡೂ ಒಟ್ಟಿಗೆ ಮಾಡಬೇಡಿ, ಫಿಲ್ಟರ್ ಕಟ್ಟಿಕೊಂಡು ಉಕ್ಕುತ್ತದೆ. ನಿಮ್ಮ ಮೆಷಿನ್‌ನಲ್ಲಿ "1–4 ಕಪ್" ಅಂತ ಬಟನ್ ಇದ್ದರೆ ಅದನ್ನು ಒತ್ತಿ. ಅದು ನೀರನ್ನು ನಿಧಾನ ಬಿಡುತ್ತದೆ.

ಸಂಪಿಗೆ ರಸ್ತೆ ಓದುಗ

ಎರಡು ಗಂಟೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನನಗೆ ಫ್ಲಾಸ್ಕ್ ಕಾಫಿ ಮುಕ್ಕಾಲು ಗಂಟೆಗೇ ಬೇರೆ ಅನಿಸುತ್ತದೆ. ತೆಳ್ಳಗೆ ಹುರಿದ ಅರೇಬಿಕಾ ಆದರಂತೂ ಹೂವಿನ ಥರದ ಘಮ ಮೊದಲು ಹೋಗುತ್ತದೆ. ಕಪ್ಪಗೆ ಹುರಿದ ಪುಡಿಯಲ್ಲಿ ಅಷ್ಟು ಗೊತ್ತಾಗುವುದಿಲ್ಲ. ಎಲ್ಲ ಪುಡಿಗೂ ಒಂದೇ ಹೊತ್ತು ಹೇಳೋಕೆ ಬರುವುದಿಲ್ಲ ಅಂತ ನನ್ನ ಅಭಿಪ್ರಾಯ.

ಹಳೇ ಮೆಷಿನ್ ರಿಪೇರಿ

ಅದು ನ್ಯಾಯವೇ. ನಾನು ಹೇಳಿದ ಎರಡು ಗಂಟೆ ಆಫೀಸಿನ ಹದ ಹುರಿದ ಪುಡಿಗೆ, ಚೆಲ್ಲುವ ಹಾಗೆ ಕೆಡದೆ ಇರುವ ಹೊತ್ತು. ಘಮಕ್ಕೋಸ್ಕರ ಕುಡಿಯುವವರು ಆಗಲೇ ಇಳಿಸಿ ಆಗಲೇ ಕುಡಿಯಬೇಕು, ಬೇರೆ ದಾರಿ ಇಲ್ಲ.

ಜಯನಗರ ಬೈ-ಟು

ಚಿಕೋರಿ ಹಾಕಿದ ಪುಡಿ ಹಾಟ್‌ಪ್ಲೇಟ್ ಮೇಲೆ ಜಾಸ್ತಿ ಹೊತ್ತು ತಡೆಯುತ್ತದಾ ಅಥವಾ ಕೆಟ್ಟದ್ದನ್ನು ಮುಚ್ಚುತ್ತದಾ? ಇದು ಇನ್ನೂ ಬಗೆಹರಿಯಲಿಲ್ಲ.

ಬಸವನಗುಡಿ ಕ್ಯಾಷ್ ಕೌಂಟರ್

ಮುಚ್ಚುತ್ತದೆ ಅಂತ ನಾನು.

ಜಯನಗರ ಬೈ-ಟು

ನಾನು ತಡೆಯುತ್ತದೆ ಅಂತ. ಲೆಕ್ಕಿಗರ ಥರ ರಬ್ಬರ್ ಬ್ಯಾಂಡ್ ಹಾಕಿ, ಬರುವ ಶನಿವಾರ ನಮ್ಮ ಆಫೀಸಿನಲ್ಲೂ ಎರಡು ಪುಡಿ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಥರ್ಮಾಮೀಟರ್ ಎಲ್ಲಿ ಸಿಗುತ್ತದೆ ಹೇಳಿ.

ಗಾಂಧಿಬಜಾರ್ ಲೆಕ್ಕಿಗ

ಬೇಕರಿ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಉದ್ದ ಸ್ಟೀಲ್ ಕಡ್ಡಿ ಇರುವುದನ್ನೇ ಕೇಳಿ, ಗಿಡ್ಡದ್ದು ಫ್ಲಾಸ್ಕ್ ತಳಕ್ಕೆ ಎಟುಕುವುದಿಲ್ಲ. ತಗೊಂಡ ಮೇಲೆ ಕುದಿಯುವ ನೀರಿನಲ್ಲಿ ಅದ್ದಿ ನೋಡಿ. ಬೆಂಗಳೂರಲ್ಲಿ ಅದು 97ರ ಹತ್ತಿರ ತೋರಿಸಬೇಕು.